ಸ್ಟ್ಯಾಕ್ಡ್ ಏರಿಯಾ ಚಾರ್ಟ್‌ನಲ್ಲಿ ಕೆರೆಕೋಡಿಯ ಹಾಲು ಇಳಿದದ್ದು ಯಾರಿಗೂ ಕಾಣಲಿಲ್ಲ. ಬೇರೆ ಹೇಗೆ ತೋರಿಸಲಿ?

ಹಾಲುಲೆಕ್ಕ (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ನನ್ನದು. ನಾಲ್ಕು ಕಡೆ ಹಾಲು ಅಳೆದುಕೊಳ್ಳುತ್ತೇವೆ. ಊರಿನ ಡೇರಿ, ಕೆರೆಕೋಡಿ, ಹಟ್ಟಿ, ಹೊಸ ಬಡಾವಣೆ. ಆಡಳಿತ ಮಂಡಳಿ ಸಭೆಗೆ ಆರು ತಿಂಗಳ ಚಾರ್ಟ್ ಬೇಕು ಅಂದರು. ಒಟ್ಟು ಎಷ್ಟು, ಯಾವ ಕಡೆಯಿಂದ ಎಷ್ಟು, ಎರಡೂ ಒಂದೇ ಕಡೆ ಕಾಣಲಿ ಅಂತ ಸ್ಟ್ಯಾಕ್ಡ್ ಏರಿಯಾ ಚಾರ್ಟ್ ಮಾಡಿದೆ. ದಿನದ ಸರಾಸರಿ, ಲೀಟರ್‌ನಲ್ಲಿ:

| ತಿಂಗಳು | ಊರು | ಕೆರೆಕೋಡಿ | ಹಟ್ಟಿ | ಹೊಸ ಬಡಾವಣೆ | ಒಟ್ಟು |
|---|---|---|---|---|---|
| ಜೂನ್ | 310 | 180 | 120 | 90 | 700 |
| ಜುಲೈ | 350 | 178 | 122 | 92 | 742 |
| ಆಗಸ್ಟ್ | 420 | 170 | 125 | 91 | 806 |
| ಸೆಪ್ಟೆಂಬರ್ | 480 | 155 | 124 | 95 | 854 |
| ಅಕ್ಟೋಬರ್ | 510 | 140 | 126 | 93 | 869 |
| ನವೆಂಬರ್ | 500 | 126 | 128 | 96 | 850 |

ಚಾರ್ಟ್‌ನಲ್ಲಿ ಊರು ಕೆಳಗೆ, ಅದರ ಮೇಲೆ ಕೆರೆಕೋಡಿ, ಆಮೇಲೆ ಹಟ್ಟಿ, ತುದಿಯಲ್ಲಿ ಹೊಸ ಬಡಾವಣೆ. ನಾಲ್ಕೂ ಬಣ್ಣ ಎಡದಿಂದ ಬಲಕ್ಕೆ ಏರುತ್ತಾ ಹೋಗಿತ್ತು. ಒಬ್ಬ ನಿರ್ದೇಶಕರು ಕೆರೆಕೋಡಿಯ ಹಸಿರು ಪಟ್ಟಿ ಮೇಲೆ ಬೆರಳಿಟ್ಟು "ಇದೂ ಚೆನ್ನಾಗೇ ಏರಿದೆ" ಅಂದರು. ನಾನೂ ಹೌದು ಅಂದೆ.

ರಾತ್ರಿ ಬಟವಾಡೆ ಪುಸ್ತಕ ನೋಡುವಾಗ ಎದೆ ಧಸಕ್ ಅಂತು. ಕೆರೆಕೋಡಿ 180ರಿಂದ 126ಕ್ಕೆ ಬಂದಿದೆ. ನೂರಕ್ಕೆ 30ರಷ್ಟು ಇಳಿದಿದೆ. ಅಲ್ಲಿನ ಕೆಲವರು ಹಾಲು ಹಾಕುವುದನ್ನೇ ಬಿಟ್ಟಿದ್ದಾರೆ. ಅಂಕಿ ಎಲ್ಲಾ ಸರಿಯಾಗಿದೆ, ಚಾರ್ಟೂ ಸರಿಯಾಗಿದೆ. ಆದರೂ ಎಂಟು ಜನ ನೋಡಿ ಒಬ್ಬರಿಗೂ ಕಾಣಲಿಲ್ಲ. ಯಾಕೆ ಹೀಗಾಯ್ತು? ಮುಂದಿನ ವಾರ ಮತ್ತೆ ಸಭೆ ಇದೆ. ಏನು ತೋರಿಸಲಿ?

---

ಬಣ್ಣದ_ಡಬ್ಬಿ

ಇದು ನನಗೂ ಆಗಿತ್ತು. ಮುಂದಿನ ಬಣ್ಣ ಹಿಂದಿನದನ್ನು ಮುಚ್ಚಿಬಿಡುತ್ತೆ. ಬಣ್ಣವನ್ನು ಸ್ವಲ್ಪ ಪಾರದರ್ಶಕ ಮಾಡಿ, ಹಿಂದಿನದು ಕಾಣುತ್ತೆ.

---

ಹಾಲುಲೆಕ್ಕ

ಇಲ್ಲ, ನನ್ನದರಲ್ಲಿ ಒಂದರ ಹಿಂದೆ ಒಂದು ನಿಂತಿಲ್ಲ. ಒಂದರ ತಲೆ ಮೇಲೆ ಒಂದು ಕೂತಿದೆ. ಮುಚ್ಚಿಹೋದದ್ದು ಏನೂ ಇಲ್ಲ. ಹಸಿರು ಪಟ್ಟಿ ಪೂರ್ತಿ ಕಾಣುತ್ತೆ, ಅದು ಇಳಿದದ್ದು ಮಾತ್ರ ಕಾಣಲ್ಲ.

---

ಮೇಷ್ಟ್ರು_ಹಾಸನ

ನೀವು ಕೊನೆಯಲ್ಲಿ ಬರೆದ ಮಾತಲ್ಲೇ ಉತ್ತರ ಇದೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆರೆಕೋಡಿ ಪಟ್ಟಿಯ ಮೇಲಿನ ಅಂಚು ಎಲ್ಲಿದೆ ನೋಡಿ. ಅದು ಊರು ಮತ್ತು ಕೆರೆಕೋಡಿ ಕೂಡಿದ ಮೊತ್ತ. ಜೂನ್‌ನಲ್ಲಿ 490. ಆಮೇಲೆ 528, 590, 635, 650, ನವೆಂಬರ್‌ನಲ್ಲಿ 626. ನಿಮ್ಮ ನಿರ್ದೇಶಕರ ಬೆರಳು ಈ ಅಂಚಿನ ಮೇಲೆ ಓಡಿದೆ. ಅಂಚು ಏರಿದ್ದು ನಿಜ. ಆದರೆ ಅದನ್ನು ಏರಿಸಿದ್ದು ಕೆಳಗಿರುವ ಊರಿನ ಹಾಲು. ಊರು 200 ಲೀಟರ್ ಮೇಲಕ್ಕೆ ಎತ್ತಿತು, ಕೆರೆಕೋಡಿ ಒಳಗೊಳಗೇ 40 ಲೀಟರ್ ಕುಗ್ಗಿತು. ಅಕ್ಟೋಬರ್ ತನಕದ ಲೆಕ್ಕ ಇದು. ಅಂಚು ತೋರಿಸುವುದು 160 ಲೀಟರ್ ಏರಿಕೆ.

ಕೆರೆಕೋಡಿಯ ನಿಜವಾದ ಹಾಲು ಅಂದರೆ ಪಟ್ಟಿಯ ದಪ್ಪ. ಕೆಳ ಅಂಚಿನಿಂದ ಮೇಲಂಚಿಗೆ ನೇರ ಲಂಬವಾಗಿ ಅಳೆದ ದಪ್ಪ. ಎರಡು ಅಂಚೂ ಓಡಾಡುತ್ತಿರುವಾಗ ಅದರ ದಪ್ಪವನ್ನು ತಿಂಗಳಿಂದ ತಿಂಗಳಿಗೆ ನೆನಪಿಟ್ಟು ಹೋಲಿಸಬೇಕು. ಕಣ್ಣಿಗೆ ಅದು ಕಷ್ಟದ ಕೆಲಸ. ಇಡೀ ಚಾರ್ಟ್‌ನಲ್ಲಿ ಸಲೀಸಾಗಿ ಓದಬಹುದಾದದ್ದು ಎರಡೇ: ಸೊನ್ನೆ ಗೆರೆ ಮೇಲೆ ಕೂತ ಊರು, ಮತ್ತು ತುತ್ತತುದಿಯ ಒಟ್ಟು ಮೊತ್ತ. ನಡುವೆ ಇರುವವರೆಲ್ಲ ಕೆಳಗಿನವರ ಹೆಗಲ ಮೇಲೆ ಕೂತಿದ್ದಾರೆ. ಹೆಗಲು ಅಲ್ಲಾಡಿದರೆ ಅವರೂ ಅಲ್ಲಾಡುತ್ತಾರೆ.

---

ಎಕ್ಸೆಲ್_ಪ್ರಿಯ

ಇದಕ್ಕೆ ಇಷ್ಟೆಲ್ಲ ಯಾಕೆ? 100% ಸ್ಟ್ಯಾಕ್ಡ್ ಏರಿಯಾ ಮಾಡಿಬಿಡಿ. ಮೇಲಂಚು ನೆಟ್ಟಗೆ ಆಗುತ್ತೆ, ಒಟ್ಟು ಏರಿದ್ದರ ಗಲಾಟೆ ಇರಲ್ಲ. ಕೆರೆಕೋಡಿ ಪಾಲು ನೂರಕ್ಕೆ 25.7ರಿಂದ 14.8ಕ್ಕೆ ಇಳಿದದ್ದು ಎದ್ದು ಕಾಣುತ್ತೆ. ನಾನು ಆಫೀಸಲ್ಲಿ ಯಾವಾಗಲೂ ಇದನ್ನೇ ಮಾಡೋದು.

---

ತುಂಗಾತೀರ

ಕೆರೆಕೋಡಿ ಮಟ್ಟಿಗೆ ನೀವು ಹೇಳಿದ್ದು ನಡೆಯುತ್ತೆ. ಆದರೆ ಹಟ್ಟಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಜೂನ್‌ನಲ್ಲಿ 700ರಲ್ಲಿ 120, ಅಂದರೆ 17.1. ನವೆಂಬರ್‌ನಲ್ಲಿ 850ರಲ್ಲಿ 128, ಅಂದರೆ 15.1. ಹಟ್ಟಿಯವರು 8 ಲೀಟರ್ ಜಾಸ್ತಿ ಹಾಕಿದ್ದಾರೆ. ನಿಮ್ಮ ಚಾರ್ಟ್ ಅವರ ಪಟ್ಟಿ ಕುಗ್ಗಿಸಿ ತೋರಿಸುತ್ತೆ. ಸಭೆಯಲ್ಲಿ ಯಾರಾದರೂ "ಹಟ್ಟಿಯವರೂ ಕಡಿಮೆ ಮಾಡಿದ್ದಾರೆ" ಅಂದರೆ ಪಾಪ, ಅವರಿಗೆ ಅನ್ಯಾಯ ಅಲ್ವಾ?

ಇನ್ನೊಂದು ವಿಷಯ. ಮೇಲಂಚು ನೆಟ್ಟಗಾದರೂ ನಡುವಿನ ಪಟ್ಟಿಗಳು ತೇಲುವುದು ನಿಲ್ಲಲ್ಲ. ಊರಿನ ಪಾಲು 44ರಿಂದ 59ಕ್ಕೆ ಏರಿ ಕೆರೆಕೋಡಿಯ ಬುಡವನ್ನು ಆಗಲೂ ಮೇಲಕ್ಕೆ ತಳ್ಳುತ್ತೆ.

---

ಎಕ್ಸೆಲ್_ಪ್ರಿಯ

ಹಟ್ಟಿ ಲೆಕ್ಕ ಒಪ್ಪಿದೆ, ಅದನ್ನು ನೋಡಿರಲಿಲ್ಲ. ಆದರೆ ಪ್ರಶ್ನೆಯೇ ಪಾಲಿನದ್ದಾದರೆ, ಉದಾಹರಣೆಗೆ ಸಾಗಣೆ ಖರ್ಚನ್ನು ಯಾರ ಮೇಲೆ ಎಷ್ಟು ಹಾಕಬೇಕು ಅಂತ ಇದ್ದರೆ, ಆಗ 100% ಚಾರ್ಟ್ ತಪ್ಪಲ್ಲ.

---

ಸಬ್‌ಸ್ಟೇಷನ್

ನಾನು ವಿದ್ಯುತ್ ಕ್ಷೇತ್ರದವನು. ನಮ್ಮಲ್ಲಿ ದಿನಾ ಇದೇ ಚಾರ್ಟ್. ಉಷ್ಣ, ಜಲ, ಸೌರ, ಗಾಳಿ ಒಂದರ ಮೇಲೊಂದು. ಸೌರವನ್ನು ಕೆಳಗೆ ಹಾಕಿದರೆ ಮಧ್ಯಾಹ್ನ ದೊಡ್ಡ ಗುಡ್ಡ ಏಳುತ್ತೆ. ಅದರ ಮೇಲಿರುವ ಗಾಳಿ ಪಟ್ಟಿಯೂ ಗುಡ್ಡ ಹತ್ತಿದ ಹಾಗೆ ಕಾಣುತ್ತೆ. ಹೊಸದಾಗಿ ಸೇರಿದ ಹುಡುಗರು "ಮಧ್ಯಾಹ್ನ ಗಾಳಿ ಚೆನ್ನಾಗಿ ಬೀಸಿದೆ" ಅಂತ ಓದಿದ್ದನ್ನು ನಾನೇ ಕೇಳಿದ್ದೇನೆ. ಗಾಳಿ ಅಂಕಿ ತೆಗೆದು ನೋಡಿದರೆ ಆ ಹೊತ್ತಿಗೆ ಅದು ಇಳಿದಿತ್ತು.

ಹಾಗಂತ ನಾನು ಈ ಚಾರ್ಟನ್ನು ಬಿಡಲ್ಲ. ನಮಗೆ ಮುಖ್ಯ ಆಗುವುದು ಮೇಲಂಚು. ಆ ಗಳಿಗೆಗೆ ಬೇಡಿಕೆ ಎಷ್ಟೋ ಅಷ್ಟೇ ಪೂರೈಕೆ ಇರಬೇಕು. ಎಲ್ಲ ಕೂಡಿ ಆ ಗೆರೆ ಮುಟ್ಟಿತಾ ಅನ್ನೋದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲ್ಲ. ಸಂಘಕ್ಕೂ ಕೂಲರ್ ತುಂಬುತ್ತಾ ಇಲ್ವಾ ಅನ್ನೋದು ಬೇಕಲ್ವಾ?

---

ತುಂಗಾತೀರ

ಅಣ್ಣ, ಬೇಕು. ಆದರೆ ಅದಕ್ಕೆ ಒಟ್ಟು ಮೊತ್ತದ ಒಂದು ಗೆರೆ ಸಾಕಲ್ವಾ? ಕೂಲರ್‌ನ ಅಳತೆಗೆ ಒಂದು ಅಡ್ಡ ಗೆರೆ ಎಳೆದರೆ ಮುಗೀತು.

---

ಸಬ್‌ಸ್ಟೇಷನ್

ಸಾಕಾಗಲ್ಲ ಮೇಡಂ. ಆ ಮೊತ್ತ ಯಾವುದರಿಂದ ಆಯ್ತು ಅನ್ನೋದು ಅದೇ ಚಿತ್ರದಲ್ಲಿ ಬೇಕು. ಇದರಲ್ಲಿ ನಮ್ಮಿಬ್ಬರಿಗೆ ಹೊಂದಲ್ಲ ಬಿಡಿ.

---

ಮೇಷ್ಟ್ರು_ಹಾಸನ

ಇನ್ನೊಂದು ಮೋಸ ಇದೆ, ಅದನ್ನು ಯಾರೂ ಹೇಳಲಿಲ್ಲ. ಕೈಯಲ್ಲೇ ಮಾಡಿ ನೋಡಬಹುದು.

ಒಂದು ಹಾಳೆ ತಗೊಳ್ಳಿ. ಮೊದಲು ಸ್ವಲ್ಪ ದೂರ ಮಟ್ಟಸ, ಆಮೇಲೆ ಕಡಿದಾಗಿ ಏರಿ, ಮತ್ತೆ ಮಟ್ಟಸವಾಗುವ ಒಂದು ಗೆರೆ ಎಳೆಯಿರಿ. ಅದೇ ಗೆರೆಯನ್ನು ಸರಿಯಾಗಿ 2 ಸೆಂಟಿಮೀಟರ್ ಮೇಲೆ ಇನ್ನೊಮ್ಮೆ ಎಳೆಯಿರಿ. ಈಗ ಹಾಳೆಯನ್ನು ದೂರ ಹಿಡಿದು ನೋಡಿ. ಏರಿನ ಜಾಗದಲ್ಲಿ ಪಟ್ಟಿ ತೆಳ್ಳಗಾದ ಹಾಗೆ ಕಾಣುತ್ತೆ. ಸ್ಕೇಲನ್ನು ನೆಟ್ಟಗೆ ಇಟ್ಟು ಅಳೆದರೆ ಎಲ್ಲಾ ಕಡೆ 2 ಸೆಂಟಿಮೀಟರೇ. ನಮ್ಮ ಕಣ್ಣು ಪಟ್ಟಿಯ ದಪ್ಪವನ್ನು ಲಂಬವಾಗಿ ಅಳೆಯಲ್ಲ. ರಸ್ತೆಯ ಅಗಲ ನೋಡಿದ ಹಾಗೆ ಅಡ್ಡಕ್ಕೆ, ಅತಿ ಹತ್ತಿರದ ಅಂಚಿಗೆ ಅಳೆಯುತ್ತೆ. ಏರು 60 ಡಿಗ್ರಿ ಇದ್ದರೆ ಆ ಅಡ್ಡ ಅಳತೆ ಲಂಬ ಅಳತೆಯ ಅರ್ಧಕ್ಕೆ ಬರುತ್ತೆ.

ಅಂದರೆ ನಡುವಿನ ಪಟ್ಟಿಯಲ್ಲಿ ಎರಡು ಥರದ ತಪ್ಪು ಆಗುತ್ತೆ. ಆಗಿರುವ ಇಳಿಕೆ ಕಾಣಲ್ಲ. ಆಗದೇ ಇರುವ ಇಳಿಕೆ ಕಾಣುತ್ತೆ. ನಿಮ್ಮ ಹಟ್ಟಿ ಪಟ್ಟಿಯನ್ನು ಜುಲೈನಿಂದ ಆಗಸ್ಟ್‌ವರೆಗೆ ಗಮನಿಸಿ. ಅದು ಸ್ವಲ್ಪ ತೆಳುವಾದ ಹಾಗೆ ಕಂಡರೆ ಆಶ್ಚರ್ಯ ಇಲ್ಲ. ಲೆಕ್ಕದಲ್ಲಿ 122ರಿಂದ 125 ಆಗಿದೆ.

ಇದು ಹಳೇ ಕಥೆ. ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡ್ ಮತ್ತು ಈಸ್ಟ್ ಇಂಡೀಸ್ ನಡುವಿನ ಆಮದು ರಫ್ತಿನ ಎರಡು ಗೆರೆ ಬರೆದ. ನಡುವಿನ ಜಾಗವೇ ವ್ಯತ್ಯಾಸ. ಸುಮಾರು ಇನ್ನೂರು ವರ್ಷ ಆದ ಮೇಲೆ, 1984ರಲ್ಲಿ, ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಆ ವ್ಯತ್ಯಾಸವನ್ನು ಬೇರೆ ಗೆರೆಯಾಗಿ ಬರೆದು ತೋರಿಸಿದರು. 1760 ದಾಟಿದ ಕೂಡಲೇ ಅದು ಗಬಕ್ಕನೆ ಏರಿ ಇಳಿದಿತ್ತು. ಪ್ಲೇಫೇರನ ಚಿತ್ರದಲ್ಲಿ ಅದು ಇದ್ದೇ ಇದೆ, ಆದರೆ ಎರಡೂ ಗೆರೆ ಒಟ್ಟಿಗೇ ಕಡಿದಾಗಿ ಏರುವ ಜಾಗ ಅದು. ನೋಡಿದವರ ಕಣ್ಣು ಜಾರಿಹೋಗುತ್ತೆ.

---

ಹಾಲುಲೆಕ್ಕ

ಮೇಷ್ಟ್ರೇ, ಹಾಳೆ ಮೇಲೆ ಮಾಡಿ ನೋಡಿದೆ. ಮಗಳನ್ನೂ ಕರೆದು ತೋರಿಸಿದೆ. ಅವಳು ಏರಿನ ಜಾಗದಲ್ಲಿ ಬೆರಳಿಟ್ಟು "ಇಲ್ಲಿ ಸಣ್ಣಗಾಗಿದೆ" ಅಂದಳು. ಸ್ಕೇಲ್ ಇಟ್ಟು ತೋರಿಸಿದರೂ ನಂಬಲು ತಯಾರಿಲ್ಲ.

ಹಾಗಾದರೆ ಏನು ಮಾಡಲಿ?

---

ತುಂಗಾತೀರ

ನನ್ನ ಕೆಲಸವೇ ಪತ್ರಿಕೆಗೆ ಚಾರ್ಟ್ ಮಾಡುವುದು. ನಾನಾದರೆ ಮೊದಲು ಸ್ಟ್ಯಾಕ್ ಬಿಚ್ಚುತ್ತೇನೆ. ನಾಲ್ಕನ್ನೂ ಒಂದೇ ಸೊನ್ನೆಯಿಂದ ಹೊರಡುವ ನಾಲ್ಕು ಗೆರೆ ಮಾಡಿ. ಆಗ ಕೆರೆಕೋಡಿ ಇಳಿದರೆ ಗೆರೆ ಇಳಿಯುತ್ತೆ, ಅಷ್ಟೇ. ಇನ್ನೊಂದು ಕಾಣುತ್ತೆ: ನವೆಂಬರ್‌ನಲ್ಲಿ ಕೆರೆಕೋಡಿಯ 126 ಹಟ್ಟಿಯ 128ರ ಕೆಳಗೆ ಹೋಗಿದೆ. ಗೆರೆಗಳು ಒಂದನ್ನೊಂದು ದಾಟುತ್ತವೆ. ಸ್ಟ್ಯಾಕ್‌ನಲ್ಲಿ ಪಟ್ಟಿಗಳು ಯಾವತ್ತೂ ದಾಟಲ್ಲ. ಅದರಿಂದ ಯಾರು ಯಾರನ್ನು ಹಿಂದೆ ಹಾಕಿದರು ಅನ್ನೋದೇ ಗೊತ್ತಾಗಲ್ಲ.

ಗೆರೆಗಳ ಹೆಸರನ್ನು ಪಕ್ಕದ ಪೆಟ್ಟಿಗೆಯಲ್ಲಿ ಹಾಕಬೇಡಿ. ಬಲಗಡೆ ಗೆರೆ ಮುಗಿಯುವ ಜಾಗದಲ್ಲೇ ಬರೆಯಿರಿ. ಹಟ್ಟಿ, ಕೆರೆಕೋಡಿ ಅಲ್ಲಿ ಒತ್ತಿಕೊಳ್ಳುತ್ತವೆ, ಒಂದನ್ನು ಸ್ವಲ್ಪ ಮೇಲೆ ಸರಿಸಿ.

---

ಹಾಲುಲೆಕ್ಕ (ಬುಧವಾರ ಸಂಜೆ)

ಅಕ್ಕ, ಗೆರೆ ಮಾಡಿದೆ. ಆದರೆ ಕೆರೆಕೋಡಿ ಗೆರೆ ಈಗಲೂ ಏರುತ್ತಲೇ ಇದೆ! ನವೆಂಬರ್‌ನಲ್ಲಿ ಅದು 600 ದಾಟಿ ಕೂತಿದೆ. ಅಂಕಿ ಮತ್ತೆ ಮತ್ತೆ ನೋಡಿದೆ, ಸರಿಯಾಗೇ ಇದೆ. ಎಲ್ಲಿ ತಪ್ಪಿದೆ?

---

ಎಕ್ಸೆಲ್_ಪ್ರಿಯ

ಇದು ನನಗೆ ಗೊತ್ತು. ನೀವು `Stacked Line` ಆರಿಸಿದ್ದೀರಿ. ಪಟ್ಟಿಯಲ್ಲಿ `Line` ಪಕ್ಕದಲ್ಲೇ ಇರುತ್ತೆ, ಚಿತ್ರವೂ ಹೆಚ್ಚುಕಡಿಮೆ ಅದೇ ಥರ. `Change Chart Type` ಒತ್ತಿ ಬರೀ `Line` ಆರಿಸಿ. ಲಿಬ್ರೆ ಆಫೀಸ್ ಆದರೆ `Stack series` ಟಿಕ್ ತೆಗೆಯಿರಿ.

ಪತ್ತೆ ಹಚ್ಚುವುದು ಹೀಗೆ: ಅತಿ ಮೇಲಿನ ಗೆರೆ ನವೆಂಬರ್‌ನಲ್ಲಿ ಎಲ್ಲಿದೆ ನೋಡಿ. 850ರಲ್ಲಿ ಇದ್ದರೆ ಅದು ಕೂಡಿಸಿದ್ದೇ. ನಿಮ್ಮ ನಾಲ್ಕು ಕಡೆಯಲ್ಲಿ 850 ಲೀಟರ್ ಹಾಕುವವರು ಯಾರೂ ಇಲ್ಲವಲ್ಲ.

---

ಮೇಷ್ಟ್ರು_ಹಾಸನ

ಚೆನ್ನಾಗಿ ಹಿಡಿದಿರಿ. ಇದು ಏರಿಯಾ ಚಾರ್ಟ್‌ಗಿಂತ ಅಪಾಯ. ಏರಿಯಾದಲ್ಲಿ ಬಣ್ಣ ತುಂಬಿರುತ್ತೆ, ಒಂದರ ಮೇಲೊಂದು ಇದೆ ಅಂತ ಕನಿಷ್ಠ ಊಹಿಸಬಹುದು. ಗೆರೆ ನೋಡಿದವರು ಅದರ ಎತ್ತರವನ್ನೇ ಬೆಲೆ ಅಂತ ಓದುತ್ತಾರೆ. ಕೆರೆಕೋಡಿಗೆ 626 ಅಂತ ಬರೆದುಕೊಂಡೂ ಬಿಡುತ್ತಾರೆ.

---

ಹಾಲುಲೆಕ್ಕ

ಹೌದು, ಮೇಲಿನ ಗೆರೆ 850ರಲ್ಲೇ ಇತ್ತು. ಬದಲಾಯಿಸಿದೆ. ಈಗ ಕೆರೆಕೋಡಿ ಇಳಿಯುವುದು ಸ್ಪಷ್ಟ. ಜುಲೈವರೆಗೆ ಮಟ್ಟಸ, ಆಗಸ್ಟ್‌ನಿಂದ ಬಗ್ಗಿದೆ. ಒಮ್ಮೆಗೇ ಬಿದ್ದಿಲ್ಲ, ತಿಂಗಳು ತಿಂಗಳು ಜಾರಿದೆ. ಇದು ನನಗೇ ಹೊಸ ವಿಷಯ.

---

ಸಬ್‌ಸ್ಟೇಷನ್

ಸ್ಟ್ಯಾಕ್ ಇಟ್ಟುಕೊಂಡೇ ಸರಿ ಮಾಡುವ ದಾರಿಯೂ ಇದೆ. ಕ್ರಮ ಬದಲಾಯಿಸಿ. ಅಲ್ಲಾಡದವರನ್ನು ಕೆಳಗೆ ಹಾಕಿ, ಜಾಸ್ತಿ ಕುಣಿಯುವ ಊರನ್ನು ತುದಿಗೆ ಕಳಿಸಿ. ಹಟ್ಟಿ ಬುಡದಲ್ಲಿ, ಅದರ ಮೇಲೆ ಹೊಸ ಬಡಾವಣೆ. ಎರಡೂ ಕೂಡಿ 210ರಿಂದ 224, ಹೆಚ್ಚು ಕಡಿಮೆ ಮಟ್ಟಸ. ಅದರ ಮೇಲೆ ಕೆರೆಕೋಡಿ ಕೂರಿಸಿದರೆ ಅಂಚು 390, 392, 386, 374, 359, 350. ಇಳಿಯುತ್ತೆ ನೋಡಿ. ಮೇಲಿನ ಒಟ್ಟೂ ಉಳಿಯಿತು.

---

ತುಂಗಾತೀರ

ಇದು ಒಳ್ಳೇ ದಾರಿ, ಒಪ್ಪುತ್ತೇನೆ. ಆದರೆ 392ರಿಂದ 350 ಅಂದರೆ ಕಣ್ಣಿಗೆ ನೂರಕ್ಕೆ ಹತ್ತು ಹನ್ನೊಂದರ ಇಳಿಕೆ. ಕೆರೆಕೋಡಿ ಇಳಿದದ್ದು 30. ದಿಕ್ಕು ಸರಿ ಬಂತು, ಪ್ರಮಾಣ ಬರಲಿಲ್ಲ. ಯಾರನ್ನು ಬುಡಕ್ಕೆ ಹಾಕಬೇಕು ಅಂತ ಮೊದಲೇ ಗೊತ್ತಿರಬೇಕು ಬೇರೆ. ಮುಂದಿನ ಆರು ತಿಂಗಳಲ್ಲಿ ಹಟ್ಟಿ ಕುಣಿಯೋಕೆ ಶುರು ಮಾಡಿದರೆ? ಬುಡವೇ ಅಲ್ಲಾಡಿತು. ಹತ್ತು ಹನ್ನೆರಡು ಕೇಂದ್ರ ಇದ್ದರಂತೂ ಈ ಉಪಾಯ ನಡೆಯಲ್ಲ.

ಹಾಗೆ ಜಾಸ್ತಿ ಇದ್ದಾಗ ಗೆರೆಗಳೂ ಸಿಕ್ಕುಸಿಕ್ಕಾಗುತ್ತವೆ. ಆಗ ನಾನು ಒಂದೊಂದು ಕೇಂದ್ರಕ್ಕೆ ಒಂದೊಂದು ಪುಟ್ಟ ಚಾರ್ಟ್ ಮಾಡಿ ಸಾಲಾಗಿ ಜೋಡಿಸುತ್ತೇನೆ. ಎಲ್ಲದಕ್ಕೂ ಒಂದೇ ಅಳತೆಯ ಅಕ್ಷ. ಪೈಥಾನ್ ಬಳಸುವವರಿಗೆ ಒಂದೇ ಸಾಲು:

```python
df.plot(subplots=True, layout=(1, 4), sharey=True,
        ylim=(0, 550), legend=False,
        title=list(df.columns), figsize=(12, 3))
```

---

ಬಣ್ಣದ_ಡಬ್ಬಿ

ಈಗ ಅರ್ಥ ಆಯ್ತು, ನಾನು ಬೇರೆ ಚಾರ್ಟ್ ಅಂದುಕೊಂಡಿದ್ದೆ. ಆದರೆ ಈ ಪುಟ್ಟ ಚಾರ್ಟ್‌ಗಳನ್ನು ಮಾಡಿ ನೋಡಿದೆ. 550ರ ಅಕ್ಷದಲ್ಲಿ ಕೆರೆಕೋಡಿಯ 54 ಲೀಟರ್ ಇಳಿಕೆ ಅಂದರೆ ಎತ್ತರದ ಹತ್ತನೇ ಒಂದು ಭಾಗ. ಊರಿನ ಪಕ್ಕದಲ್ಲಿ ಏನೂ ಅಲ್ಲ ಅನಿಸುತ್ತೆ. ಒಂದೊಂದಕ್ಕೂ ಅದರದ್ದೇ ಅಕ್ಷ ಕೊಟ್ಟರೆ ಒಳ್ಳೇದಲ್ವಾ?

---

ಮೇಷ್ಟ್ರು_ಹಾಸನ

ಕೊಟ್ಟು ನೋಡಿ, ಹೊಸ ಬಡಾವಣೆಯ 90ರಿಂದ 96 ದೊಡ್ಡ ಬೆಟ್ಟ ಹತ್ತಿದ ಹಾಗೆ ಕಾಣುತ್ತೆ. 6 ಲೀಟರ್ ಅಂದರೆ ಒಂದು ಹಸು ಕರು ಹಾಕಿದರೆ ಮುಗೀತು.

ಸಂಘಕ್ಕೆ ಲೀಟರ್ ಮುಖ್ಯವಾದರೆ ಒಂದೇ ಅಕ್ಷ ಇರಲಿ. ಯಾವ ಕೇರಿಯಲ್ಲಿ ಜನ ಬಿಟ್ಟುಹೋಗುತ್ತಿದ್ದಾರೆ ಅನ್ನೋದು ಮುಖ್ಯವಾದರೆ ಜೂನನ್ನು 100 ಅಂತ ಇಟ್ಟು ಎಲ್ಲವನ್ನೂ ಅದರ ಮೇಲೆ ಲೆಕ್ಕ ಹಾಕಿ. ನವೆಂಬರ್‌ಗೆ ಊರು 161, ಹಟ್ಟಿ ಮತ್ತು ಹೊಸ ಬಡಾವಣೆ ಎರಡೂ 107, ಕೆರೆಕೋಡಿ 70. ಮೂರು ಮೇಲೆ, ಒಂದು ಕೆಳಗೆ.

---

ತುಂಗಾತೀರ

ಸರ್, ಇಲ್ಲಿ ನನಗೆ ಸ್ವಲ್ಪ ಅಳುಕು. ಜೂನ್ ಆರಿಸಿದ್ದು ಯಾಕೆ ಅಂತ ಕೇಳಿದರೆ? ಮಳೆ ಬಿದ್ದು ಹಸಿ ಮೇವು ಬರುವ ಮೊದಲಿನ ಲೆಕ್ಕ ಅದು. ಊರಿನ 161ರಲ್ಲಿ ಅರ್ಧ ಮೇವಿನದ್ದೇ ಇರಬಹುದು. ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೆ ಸರಿ ಅಂತ ನನ್ನ ಅಭಿಪ್ರಾಯ.

---

ಮೇಷ್ಟ್ರು_ಹಾಸನ

ನಿಮ್ಮ ಅಳುಕು ನ್ಯಾಯವಾದದ್ದೇ. ಆದರೆ ಮೇವು ಎಲ್ಲರಿಗೂ ಒಂದೇ. ಬೇರೆ ಮೂವರೂ ಏರಿದಾಗ ಕೆರೆಕೋಡಿ ಮಾತ್ರ ಇಳಿದಿದೆ ಅನ್ನೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ತಿಂಗಳು ಇಟ್ಟರೂ ಬದಲಾಗಲ್ಲ. ಹಳೇ ವರ್ಷದ ಲೆಕ್ಕ ಕಂಪ್ಯೂಟರಿನಲ್ಲಿ ಇದೆಯಾ?

---

ಹಾಲುಲೆಕ್ಕ

ಇಲ್ಲ ಮೇಷ್ಟ್ರೇ, ಕೈ ಪುಸ್ತಕದಲ್ಲಿದೆ. ಕೂತು ಹಾಕಬೇಕು.

---

ಹಾಲುಲೆಕ್ಕ (ಮುಂದಿನ ಗುರುವಾರ ರಾತ್ರಿ)

ಸಭೆ ಆಯಿತು. ಎರಡು ಚಿತ್ರ ಒಯ್ದಿದ್ದೆ. ಮೇಲೆ ಒಟ್ಟು ಹಾಲಿನ ಒಂದೇ ಗೆರೆ. ಕೆಳಗೆ ನಾಲ್ಕು ಗೆರೆ, ಕೆರೆಕೋಡಿ ಮಾತ್ರ ಗಾಢ ಹಸಿರು, ಉಳಿದ ಮೂರು ಬೂದು. ಹೆಸರು ಗೆರೆಯ ತುದಿಯಲ್ಲೇ. ಸಬ್‌ಸ್ಟೇಷನ್ ಅಣ್ಣ ಹೇಳಿದ ಹಾಗೆ ಕ್ರಮ ಬದಲಾಯಿಸಿದ ಸ್ಟ್ಯಾಕ್ ಕೂಡ ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಕಾರ್ಯದರ್ಶಿಗಳು ಕೂಲರ್ ವಿಷಯ ಕೇಳಿದಾಗ ಅದನ್ನೇ ತೋರಿಸಿದೆ, ಅವರಿಗೆ ಅದೇ ಇಷ್ಟವಾಯಿತು.

ಕಳೆದ ಸಲ "ಚೆನ್ನಾಗೇ ಏರಿದೆ" ಅಂದವರೇ ಈ ಸಲ ಮೊದಲು ಮಾತಾಡಿದರು. ಹಸಿರು ಗೆರೆ ಬಗ್ಗುವ ಜಾಗದಲ್ಲಿ ಬೆರಳಿಟ್ಟು "ಆಗಸ್ಟ್‌ನಲ್ಲಿ ಏನಾಯ್ತು?" ಅಂತ ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ಯಾನ್ ಸಾಗಿಸುವ ಆಟೋದವರು ನೆನಪು ಮಾಡಿಕೊಂಡರು. ಆಗಸ್ಟ್ ಮೊದಲ ವಾರದಿಂದ ಅವರು ಊರಿನ ಹಾಲು ಜಾಸ್ತಿ ಆಯ್ತು ಅಂತ ಮೊದಲು ಊರಿಗೆ ಬಂದು, ಆಮೇಲೆ ಕೆರೆಕೋಡಿಗೆ ಹೋಗುತ್ತಿದ್ದಾರೆ. ಅಲ್ಲಿ ಅಳತೆ ಮುಕ್ಕಾಲು ಗಂಟೆ ತಡ. ಕೂಲಿಗೆ ಹೋಗುವ ಹೆಂಗಸರು ಅಷ್ಟು ಹೊತ್ತು ಕಾಯಲ್ಲ.

ಅದೇ ಕಾರಣ ಅಂತ ಎಲ್ಲರೂ ಒಪ್ಪಿಲ್ಲ. ಅದೇ ಸಮಯದಲ್ಲಿ ಖಾಸಗಿಯವರು ಮನೆ ಬಾಗಿಲಿಗೇ ಬರಲು ಶುರು ಮಾಡಿದರು ಅಂತ ಇಬ್ಬರು ಹೇಳಿದರು. ಸೋಮವಾರದಿಂದ ಆಟೋ ಮೊದಲು ಕೆರೆಕೋಡಿಗೆ ಹೋಗಲಿ, ಒಂದು ತಿಂಗಳು ನೋಡೋಣ ಅಂತ ತೀರ್ಮಾನ ಆಗಿದೆ.

ತಿಂಗಳ ಸರಾಸರಿ ಸಾಲದು, ಇನ್ನು ದಿನದ ಲೆಕ್ಕವನ್ನೇ ಗೆರೆ ಮಾಡಬೇಕು ಅಂದುಕೊಂಡಿದ್ದೇನೆ. ಬೆಳಗ್ಗೆ, ಸಂಜೆ ಬೇರೆ ಬೇರೆ. ತಡ ಆಗುತ್ತಿದ್ದುದು ಬೆಳಗಿನ ಸರದಿಯಲ್ಲಿ ಮಾತ್ರ.

---

ತುಂಗಾತೀರ

ಬೆಳಗ್ಗೆ ಸಂಜೆ ಬೇರೆ ಮಾಡುವುದು ಒಳ್ಳೇದು. ಬೆಳಗಿನ ಗೆರೆ ಮಾತ್ರ ಇಳಿದಿದ್ದರೆ ಆಟೋ ಕಡೆಗೆ ಬೆರಳು ತೋರಿಸುತ್ತೆ. ಎರಡೂ ಇಳಿದಿದ್ದರೆ ಖಾಸಗಿಯವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ಆದರೆ ದಯವಿಟ್ಟು ಆ ಎರಡನ್ನು ಒಂದರ ಮೇಲೊಂದು ಪೇರಿಸಬೇಡಿ.

---

ಹಾಲುಲೆಕ್ಕ

ಇಲ್ಲ ಅಕ್ಕ, ಎರಡೂ ಸೊನ್ನೆಯಿಂದಲೇ. ಆಗಸ್ಟ್ ಪುಸ್ತಕ ತೆಗೆದು ಕೂತಿದ್ದೇನೆ.